ವಾರಕ್ಕೆ ಮೂರೇ ದಿನದ ಕೆಲಸ: 20 ರಜೆ 12 ಆಗಿದ್ದು ಸರಿಯಾ?

ಮರಳಿಹೆಜ್ಜೆ: ನಾಲ್ಕು ವರ್ಷ ಬಿಟ್ಟು ಹಳೇ ಕೆಲಸಕ್ಕೇ ವಾಪಸ್ ಹೋಗುತ್ತಿದ್ದೇನೆ. 40 ಗಂಟೆ ಬದಲು ವಾರಕ್ಕೆ 24 ಗಂಟೆ. ಮಂಗಳವಾರ, ಬುಧವಾರ, ಗುರುವಾರ. ಸಂಬಳ 60%. ಫುಲ್ ಟೈಮ್‌ನವರಿಗೆ 20 ರಜೆ, ನನಗೆ 12. ಸಾರ್ವತ್ರಿಕ ರಜೆ ವರ್ಷಕ್ಕೆ 10, "ನಿಮ್ಮ ಕೆಲಸದ ದಿನ ಬಿದ್ದರೆ ಮಾತ್ರ ನಿಮಗೆ" ಎಂದಿದ್ದಾರೆ. ಸಹಿ ಹಾಕುವ ಮುಂಚೆ ಏನು ಕೇಳಲಿ?

ನೇರನುಡಿ: ಸಹಿ ಹಾಕಲೇಬೇಡಿ. ಸಂಬಳ ಕಡಿಮೆ ಮಾಡಿದ ಮೇಲೆ ರಜೆಗೂ ಯಾಕೆ ಕತ್ತರಿ? ಒಂದೇ ಕಾರಣಕ್ಕೆ ಎರಡು ಸಲ ಕಳೆಯುತ್ತಿದ್ದಾರೆ.

ಲೆಕ್ಕದಮೇಜು: ಹತ್ತಾರು ವರ್ಷ ಸಂಬಳದ ಲೆಕ್ಕವನ್ನೇ ನೋಡಿದವನು ನಾನು. ಆ 12ರಲ್ಲಿ ತಪ್ಪಿಲ್ಲ. ಫುಲ್ ಟೈಮ್‌ನವರು ಒಂದು ವಾರ ಮನೆಯಲ್ಲಿರಲು 5 ರಜೆ ಹಾಕಬೇಕು, 20 ರಜೆಗೆ ನಾಲ್ಕು ವಾರ. ನೀವು 3 ಹಾಕಿದರೆ ಸಾಕು, 12ಕ್ಕೂ ನಾಲ್ಕೇ ವಾರ. ನೀವು ಕೇಳಬೇಕಾದ್ದು ಬೇರೆ ಇದೆ. 60% ಅಂದರೆ ಯಾವುದರ 60%? ಬಿಟ್ಟು ಹೋದಾಗಿನ ಸಂಬಳದ್ದಾ, ಈಗ ಆ ಹುದ್ದೆಗೆ ಕೊಡುವ ಸಂಬಳದ್ದಾ? ಆಗ 100 ಇದ್ದದ್ದು ಈಗ 130 ಆಗಿದೆ ಅಂದುಕೊಳ್ಳಿ. ಸಿಗಬೇಕಾದ್ದು 78. ಹಳೇ ಲೆಕ್ಕ ಹಿಡಿದರೆ 60. ಆಗ 60% ಕೆಲಸಕ್ಕೆ 46% ಸಂಬಳ ಆಯಿತು. ಪತ್ರದಲ್ಲಿ ಬರೀ ಶೇಕಡಾ ಇದ್ದರೆ ಬಿಡಬೇಡಿ, ಪೂರ್ತಿ ಸಂಬಳದ ಮೊತ್ತವನ್ನೂ ಬರೆಸಿಕೊಳ್ಳಿ.

ನೇರನುಡಿ: "ಆ 12ರಲ್ಲಿ ತಪ್ಪಿಲ್ಲ" ಅಂತ ನೀವು ಹೇಳಿದ್ದೇ ತಪ್ಪು. 20 ಕೈಯಲ್ಲಿದ್ದರೆ 20 ದಿನ. 12 ಇದ್ದರೆ 12 ದಿನ.

ಸಂಜೆಗಾಳಿ: ನಾನೂ 24 ಗಂಟೆಗೇ ವಾಪಸ್ ಬಂದವಳು. ನನಗೆ 20 ರಜೆ ಪೂರ್ತಿ ಕೊಟ್ಟಿದ್ದಾರೆ, ಒಂದೂ ಕಡಿಮೆ ಮಾಡಿಲ್ಲ.

ನೇರನುಡಿ: ನೋಡಿದ್ರಾ! ಅದೇ 24 ಗಂಟೆ, ಅವರಿಗೆ 20, ಇವರಿಗೆ 12. ಇದಕ್ಕೇನು ಹೇಳುತ್ತೀರಿ ಲೆಕ್ಕದಮೇಜು ಅವರೇ?

ಲೆಕ್ಕದಮೇಜು: ಸಂಜೆಗಾಳಿ ಮೇಡಂ, ನೀವು ವಾರಕ್ಕೆ ಎಷ್ಟು ದಿನ ಹೋಗುತ್ತೀರಿ?

ಸಂಜೆಗಾಳಿ: ಐದೂ ದಿನ. ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಮಗು ಶಾಲೆಯಿಂದ ಬರುವಷ್ಟರಲ್ಲಿ ಮನೆಯಲ್ಲಿರುತ್ತೇನೆ, ಅದಕ್ಕೇ ಇದನ್ನು ಆರಿಸಿಕೊಂಡೆ.

ಲೆಕ್ಕದಮೇಜು: ಅಂದರೆ ನಿಮ್ಮ ಒಂದು ದಿನ 4.8 ಗಂಟೆ. ಅಂಥ 20 ರಜೆ ಸೇರಿದರೆ 96 ಗಂಟೆ. ಪ್ರಶ್ನೆ ಕೇಳಿದವರ ಒಂದು ದಿನ 8 ಗಂಟೆ. 12 ರಜೆ ಅಂದರೂ 96 ಗಂಟೆಯೇ. ದಿನ ಎಣಿಸಿದರೆ ಜಗಳ, ಗಂಟೆ ಎಣಿಸಿದರೆ ಎರಡೂ ಒಂದೇ.

ನೇರನುಡಿ: ಗಂಟೆ ಎಣಿಸೋದು ನಿಮ್ಮ ಮೇಜಿನಲ್ಲಿ. ಮನುಷ್ಯರು ದಿನ ಎಣಿಸುತ್ತಾರೆ ರೀ.

ಮೂರುದಿನ: ನೇರನುಡಿ ಅವರನ್ನು ಪೂರ್ತಿ ತಳ್ಳಿಹಾಕಬೇಡಿ. ನಾನೂ ಇದೇ ಮೂರು ದಿನ, ಇದೇ 12 ರಜೆಗೆ ಸೇರಿದವಳು. ಮೊದಲ ಸಲ ಒಂದು ವಾರ ರಜೆ ಹಾಕಿದೆ. ಸೋಮವಾರದಿಂದ ಶುಕ್ರವಾರ ಅಂತ ತುಂಬಿಸಿದೆ. ಬಾಕಿ 9 ತೋರಿಸಬೇಕಿತ್ತು, 7 ತೋರಿಸಿತು. ನಾನು ಕೆಲಸಕ್ಕೇ ಬರದ ಸೋಮವಾರ, ಶುಕ್ರವಾರಕ್ಕೂ ರಜೆ ಕಳೆದುಬಿಟ್ಟಿತ್ತು! ರಜೆ 12 ಮಾಡಿದ್ದರು, ಆದರೆ ಸಿಸ್ಟಂನಲ್ಲಿ ನನ್ನ ವಾರ ಐದು ದಿನದ್ದೇ ಉಳಿದಿತ್ತು. ಹಾಗೇ ಬಿಟ್ಟಿದ್ದರೆ ನಾಲ್ಕು ವಾರದ ಬದಲು ಎರಡೂವರೆ ವಾರವೂ ಸಿಗುತ್ತಿರಲಿಲ್ಲ. ಎರಡು ತಿಂಗಳು ಅಲೆದ ಮೇಲೆ ಸರಿ ಮಾಡಿದರು.

ನೇರನುಡಿ: ಇದನ್ನೇ ನಾನು ಮೊದಲಿಂದ ಹೇಳಿದ್ದು. ಎರಡು ಸಲ ಕಳೆಯುತ್ತಾರೆ!

ಲೆಕ್ಕದಮೇಜು: ನೀವು ಹೇಳಿದ್ದು ಸಂಬಳ ಮತ್ತು ರಜೆ ಅಂತ. ಇವರು ಹೇಳಿದ್ದು ರಜೆಯನ್ನೇ ಎರಡು ಸಲ. ಬೇರೆ ಬೇರೆ ಮಾತು. ಆದರೆ ಈ ತಪ್ಪು ನಿಜ, ನಾನೂ ಕಂಡಿದ್ದೇನೆ. ಸೇರಿದ ಮೊದಲ ವಾರವೇ ಸುಮ್ನೆ ಒಂದು ವಾರದ ರಜೆ ಹಾಕಿ ನೋಡಿ. 3 ಕಳೆದರೆ ಸರಿ. 5 ಕಳೆದರೆ ಅರ್ಜಿ ವಾಪಸ್ ತೆಗೆದುಕೊಂಡು ಅವತ್ತೇ ಬರೆಯಿರಿ.

ಹಳೇಅನುಭವ: ಎಲ್ಲರೂ ರಜೆ ಹಿಡಿದುಕೊಂಡಿದ್ದೀರಿ. ನಾನು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಡೆಯವನು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1994ರ ಪಾರ್ಟ್ ಟೈಮ್ ಒಪ್ಪಂದ ಇದೆ, 175ನೇದು. ರಜೆಯ ಹಣವನ್ನು ಗಂಟೆಗೆ ತಕ್ಕಂತೆ ಇಳಿಸಬಹುದು ಅಂತ ಅದರಲ್ಲೇ ಇದೆ. ಹಾಗಾಗಿ ಇಳಿಸಿದ್ದರಲ್ಲಿ ತಪ್ಪಿಲ್ಲ.

ಲೆಕ್ಕದಮೇಜು: ಅದೇ ಒಪ್ಪಂದದಲ್ಲಿ ಸಂಬಳದ ಮಾತೂ ಇದೆ, ಅದನ್ನು ಬಿಟ್ಟುಬಿಟ್ಟಿರಿ. ಗಂಟೆಯ ಲೆಕ್ಕದಲ್ಲಿ ಮೂಲ ಸಂಬಳ, ಅದೇ ಥರದ ಫುಲ್ ಟೈಮ್ ಕೆಲಸಗಾರರದಕ್ಕಿಂತ ಕಡಿಮೆ ಆಗಬಾರದು. 130ರವನಿಗೆ ಗಂಟೆಗೆ 3.25 ಬಿದ್ದರೆ, ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡುವ ಇವರಿಗೆ 2.50 ಯಾಕೆ?

ಹಳೇಅನುಭವ: ಪೂರ್ತಿ ಓದಿ ಸರ್. "ಪಾರ್ಟ್ ಟೈಮ್ ಎಂಬ ಒಂದೇ ಕಾರಣಕ್ಕೆ" ಕಡಿಮೆ ಆಗಬಾರದು ಅಂತ ಇದೆ. ಇಲ್ಲಿ ಕಾರಣ ಪಾರ್ಟ್ ಟೈಮ್ ಅಲ್ಲ, ನಾಲ್ಕು ವರ್ಷ ಕೆಲಸದಿಂದ ದೂರ ಇದ್ದದ್ದು. ಆ ನಾಲ್ಕು ವರ್ಷ ಇಲ್ಲೇ ದುಡಿದವರಿಗೆ ಏರಿದ್ದು ಇವರಿಗೂ ಏರಬೇಕಾ? ಮೇಲಾಗಿ ಆ ಒಪ್ಪಂದ ಅನುಮೋದಿಸಿದ ದೇಶಗಳಿಗೆ ಮಾತ್ರ ಅನ್ವಯಿಸುತ್ತದೆ.

ಲೆಕ್ಕದಮೇಜು: ದುಡಿಮೆಗೆ ಏರಿದ್ದು ಬೇರೆ, ಹುದ್ದೆಯ ಸಂಬಳವೇ ಏರಿದ್ದು ಬೇರೆ. ನಿನ್ನೆ ಹೊಸದಾಗಿ ಸೇರಿದವನಿಗೆ 130 ಕೊಡುತ್ತಿದ್ದರೆ ನಿಮ್ಮ ವಾದ ನಿಲ್ಲುವುದಿಲ್ಲ.

ಹಳೇಅನುಭವ: ಹೊಸಬನಿಗೆ ಎಷ್ಟು ಕೊಡುತ್ತಿದ್ದಾರೆ ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದೆ ಮಾತಾಡಬೇಡಿ.

ನೇರನುಡಿ: ಬಿಟ್ಟು ಹೋದರಂತೆ! ಮಕ್ಕಳನ್ನೋ ವಯಸ್ಸಾದವರನ್ನೋ ನೋಡಿಕೊಂಡವರಿಗೆ ದೂರ ಇದ್ದವರು ಅಂತ ಹೆಸರಿಡುತ್ತೀರಾ? ಇಂಥವರು ಕೆಲಸಕ್ಕೆ ತೆಗೆದುಕೊಳ್ಳುವ ಕಡೆ ಕೂತಿರೋದಕ್ಕೇ ಹೀಗಾಗಿರೋದು.

ಹಳೇಅನುಭವ: ನನ್ನ ಮೇಲೆ ಬರುವ ಬದಲು ವಿಷಯ ಮಾತಾಡಿ.

ಮರಳಿಹೆಜ್ಜೆ: ದಯವಿಟ್ಟು ಜಗಳ ಬೇಡ. ಪತ್ರ ಮತ್ತೆ ಓದಿದೆ. "ಕೊನೆಯ ಸಂಬಳದ 60%" ಅಂತಲೇ ಇದೆ. ಹುದ್ದೆಯ ಈಗಿನ ಸಂಬಳ ಎಷ್ಟು ಅಂತ ಕೇಳಿ ಬರೆದಿದ್ದೇನೆ. ಇನ್ನೊಂದು, ಮುಂದಿನ ವರ್ಷದ ರಜಾ ಪಟ್ಟಿ ತರಿಸಿಕೊಂಡು ಗುರುತು ಹಾಕಿದೆ. 10ರಲ್ಲಿ 5 ಸೋಮವಾರ, 2 ಶುಕ್ರವಾರ. ನನ್ನ ದಿನಗಳಲ್ಲಿ ಬೀಳುವುದು 3 ಮಾತ್ರ.

ಲೆಕ್ಕದಮೇಜು: ನಿಜವಾದ ನಷ್ಟ ಇಲ್ಲಿದೆ ನೋಡಿ. 10ರ 60% ಅಂದರೆ 6. ನಿಮಗೆ 3. ಮೂರು ದಿನ, 24 ಗಂಟೆ ಹೋಯಿತು, ಅಂದರೆ ನಿಮ್ಮ ಪೂರ್ತಿ ಒಂದು ವಾರ. ಸೋಮ, ಮಂಗಳ, ಶುಕ್ರ ಬರುವವರಿಗೆ ಇದೇ ಪಟ್ಟಿಯಲ್ಲಿ ಕನಿಷ್ಠ 7 ಸಿಗುತ್ತದೆ. ಎರಡೂ ಬಗೆಯ ರಜೆಯನ್ನು ಒಟ್ಟು ಮಾಡಿ ಗಂಟೆಯಲ್ಲಿ ಕೇಳಿ: 96 ಮತ್ತು 48, ಒಟ್ಟು 144. ನಿಮ್ಮ ದಿನ ಬಿದ್ದ ಸಾರ್ವತ್ರಿಕ ರಜೆಯನ್ನು ಅದರಿಂದ ಕಳೆಯಲಿ, ಉಳಿದದ್ದು ನೀವು ಬೇಕಾದಾಗ ತೆಗೆದುಕೊಳ್ಳುವಂತಿರಲಿ.

ಹಳೇಅನುಭವ: ಸೋಮವಾರ ಹೇಗೂ ಮನೆಯಲ್ಲೇ ಇರುತ್ತಾರೆ, ಅದಕ್ಕೆ ಮತ್ತೆ ರಜೆ ಯಾಕೆ?

ಮೂರುದಿನ: ಆ ಸೋಮವಾರಕ್ಕೆ ನಮಗೆ ಸಂಬಳ ಇಲ್ಲ ಸರ್. ಫುಲ್ ಟೈಮ್‌ನವರು ಅವತ್ತು ಸಂಬಳದ ಜೊತೆ ಮನೆಯಲ್ಲಿರುತ್ತಾರೆ.

ಸಂಜೆಗಾಳಿ: ನಾನು ಐದೂ ದಿನ ಹೋಗುವುದರಿಂದ ನನಗೆ 10ಕ್ಕೆ 10 ಸಿಗುತ್ತದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ನೇರನುಡಿ: ಅಂದರೆ 20 ಕೊಟ್ಟ ಕಡೆಯೇ ಚೆನ್ನಾಗಿದೆ ಅಂತಾಯ್ತು ಅಲ್ವಾ.

ಲೆಕ್ಕದಮೇಜು: ಅದು 20ರಿಂದ ಆಗಿದ್ದಲ್ಲ ರೀ! ಎಷ್ಟು ಸಲ ಹೇಳಲಿ?

ಮರಳಿಹೆಜ್ಜೆ: ಉತ್ತರ ಬಂತು. ರಜೆಯನ್ನು ಗಂಟೆಯಲ್ಲಿ ಬರೆದುಕೊಡಲು ಒಪ್ಪಿದ್ದಾರೆ, 144 ಅಂತ. ಸಂಬಳದ ಪ್ರಶ್ನೆಗೆ "ಆರು ತಿಂಗಳ ನಂತರ ಪರಿಶೀಲಿಸುತ್ತೇವೆ" ಎಂದಿದ್ದಾರೆ. ಈಗಿನ ಮೊತ್ತ ಮಾತ್ರ ಹೇಳಿಲ್ಲ.

ಲೆಕ್ಕದಮೇಜು: ಆ ಆರು ತಿಂಗಳಿಗೆ ತಾರೀಕು ಹಾಕಿಸಿ. ಯಾವ ಮೊತ್ತದ ಮೇಲೆ ಪರಿಶೀಲನೆ ಅನ್ನುವುದನ್ನೂ ಅದೇ ಪತ್ರದಲ್ಲಿ ಬರೆಸಿ. ಮೊತ್ತ ಬರುವವರೆಗೆ ಸಹಿ ಬೇಡ.

ಹಳೇಅನುಭವ: ಅಷ್ಟು ಎಳೆದರೆ ಕೆಲಸವೇ ಕೈತಪ್ಪಬಹುದು. ಅದನ್ನೂ ಅವರಿಗೆ ಹೇಳಿ.