ಎಫ್‌ಒಎಸ್ 3.5 ಇದ್ದರೂ ಶಾಫ್ಟ್ ಎರಡನೇ ಸಲ ಮುರಿಯಿತು

ಮುರಿದ_ಶಾಫ್ಟ್: ತಲೆ ಕೆಟ್ಟುಹೋಗಿದೆ. ಪಿಸ್ಟನ್ ಪಂಪ್ ಓಡಿಸುವ ಶಾಫ್ಟ್ ಮತ್ತೆ ಮುರಿದಿದೆ, ಈ ಸಲ ಬರೀ 40 ಗಂಟೆಗೆ. ಇಎನ್ 8 ಸ್ಟೀಲ್, 30 ಎಂಎಂ ದಪ್ಪ. ಟಾರ್ಕ್ ಹೆಚ್ಚೆಂದರೆ 240 ನ್ಯೂಟನ್ ಮೀಟರ್, ಬೆಂಡಿಂಗ್ 150. ಎರಡೂ ಸೇರಿ ಶಿಯರ್ 53 ಎಂಪಿಎ ಬರುತ್ತದೆ, ಸ್ಟೀಲ್ ತಡೆಯೋದು 185. ಎಫ್‌ಒಎಸ್, ಅಂದರೆ ಸುರಕ್ಷತೆಯ ಪಟ್ಟು, ಹತ್ತಿರ ಹತ್ತಿರ 3.5. ಮತ್ಯಾಕೆ ಮುರಿಯಬೇಕು? ಸ್ಟೀಲೇ ಡೂಪ್ಲಿಕೇಟಾ?

ಇಎನ್24_ಭಕ್ತ: ಪಿಸ್ಟನ್ ಪಂಪ್ ಅಂದಮೇಲೆ ಟಾರ್ಕ್ ಜರ್ಕ್ ಇದ್ದೇ ಇರುತ್ತದೆ. ತಿರುಚಿಕೊಂಡೇ ಹೋಗಿದೆ. ಇನ್ನೂ ಗಟ್ಟಿ ಸ್ಟೀಲ್ ಇಎನ್ 24 ಹಾಕಿ, ಮರೆತುಬಿಡಿ.

ಹಳೇ_ಟರ್ನರ್: ಮೊದಲು ಎಲ್ಲಿ ಮುರಿಯಿತು ಹೇಳಿ. ಮುರಿದ ಮುಖ ಹೇಗಿದೆ? ಟಾರ್ಕ್ ಕೆಳಗೆ ಎಷ್ಟಕ್ಕೆ ಇಳಿಯುತ್ತದೆ?

ಮುರಿದ_ಶಾಫ್ಟ್: ಇದೆಲ್ಲ ಬೇಕಾ? 40 ಎಂಎಂ ಹೋಗಿ 30 ಆಗುವ ಸ್ಟೆಪ್ಪಿನಲ್ಲೇ, ಎರಡು ಸಲವೂ. ಪುಲ್ಲಿ ಅಲ್ಲಿಗೇ ಆನಿಕೊಂಡು ಕೂರುತ್ತದೆ. ಮುಖ ಗರಗಸದಲ್ಲಿ ಕೊಯ್ದ ಹಾಗೆ ನೇರ. ಸುತ್ತಲೂ ಅಂಚಿನಲ್ಲಿ ಸಣ್ಣ ಹಲ್ಲು, ನಡುವೆ ಮಾತ್ರ ಒರಟು. ಟಾರ್ಕ್ 80ರಿಂದ 240. 600 ಆರ್‌ಪಿಎಂ.

ಇಎನ್24_ಭಕ್ತ: ಹೇಳಿದೆನಲ್ಲ, 80ರಿಂದ 240. ಟಾರ್ಕೇ ಕಾರಣ.

ಹಳೇ_ಟರ್ನರ್: ಟಾರ್ಕಿಗೆ ದಣಿದು ಮುರಿದಿದ್ದರೆ ಬಿರುಕು ಸಾಮಾನ್ಯವಾಗಿ ಓರೆಯಾಗಿ, ತಿರುಚಿದ ಸೀಮೆಸುಣ್ಣದ ಹಾಗೆ ಓಡಬೇಕಿತ್ತು. ಇದು ನೇರವಾಗಿದೆ. ಅಂಚಿನ ಸುತ್ತ ಹಲ್ಲು ಅಂದರೆ ಹತ್ತಾರು ಕಡೆ ಬಿರುಕು ಹುಟ್ಟಿ ಒಳಗೆ ನಡೆದಿವೆ. ಅದು ತಿರುಗುತ್ತಾ ಬಾಗಿದ ಶಾಫ್ಟಿನ ಗುರುತು. ಬೆಲ್ಟ್ ಎಳೆಯೋದು ಒಂದೇ ದಿಕ್ಕಿಗೆ, ಆದರೆ ಶಾಫ್ಟ್ ತಿರುಗುವಾಗ ಅದರ ಮೈಮೇಲಿನ ಒಂದೊಂದು ಚುಕ್ಕಿಯೂ ಪ್ರತಿ ಸುತ್ತಿಗೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. 40 ಗಂಟೆ ಅಂದರೆ 14 ಲಕ್ಷ ಸಲ. ನಿಮ್ಮ 3.5 ಶಾಫ್ಟನ್ನು ಒಂದೇ ಸಲ ಎಳೆದರೆ ಬರುವ ಲೆಕ್ಕ. ಸ್ಟೆಪ್ಪಿನ ಮೂಲೆಯಲ್ಲಿ ರೇಡಿಯಸ್ ಎಷ್ಟು?

ಮುರಿದ_ಶಾಫ್ಟ್: ಡ್ರಾಯಿಂಗಿನಲ್ಲಿ ಹಾಕಿಲ್ಲ. ಟೂಲ್ ತುದಿ ಬಿಟ್ಟಷ್ಟು, 0.5 ಇರಬಹುದು.

ಕಾರ್ಟ್_ಹುಡುಗ: ನನ್ನ ಕಾರ್ಟಿನ ಮುಂದಿನ ಆಕ್ಸಲ್ ಬರೀ 20 ಎಂಎಂ, ಎರಡು ವರ್ಷ ಆಯ್ತು, ಏನೂ ಆಗಿಲ್ಲ. 30 ಧಾರಾಳ ಸಾಕು.

ಹಳೇ_ಟರ್ನರ್: ನಿಮ್ಮದು ತಿರುಗದ ಆಕ್ಸಲ್, ಟಾರ್ಕೂ ಇಲ್ಲ. ಇಲ್ಲಿ ಬರೋದು ಈ ಲೆಕ್ಕ:

```
1/n = 16/(πd³) × [ √(4(Kf·Ma)² + 3(Kfs·Ta)²)/Se + √3·Kfs·Tm/Sut ]
```

ಬೆಂಡಿಂಗ್ ಪೂರ್ತಿ ಏರಿಳಿತದ ಖಾತೆಗೆ, Ma 150. ಟಾರ್ಕನ್ನು ಒಡೆಯಬೇಕು: ಸರಾಸರಿ Tm 160, ಏರಿಳಿತ Ta 80. ಮೂಲೆ ಒತ್ತಡವನ್ನು ಎಷ್ಟು ಪಟ್ಟು ಏರಿಸುತ್ತದೆ ಅನ್ನೋದು ಬೆಂಡಿಂಗಿಗೆ Kf, ಟಾರ್ಕಿಗೆ Kfs; 0.5 ರೇಡಿಯಸ್ಸಿಗೆ Kf 2.1, Kfs 1.9 ಹಿಡಿಯಿರಿ. ಎಳೆದರೆ ಸ್ಟೀಲ್ ತುಂಡಾಗುವ ಮಿತಿ Sut 630 ಎಂಪಿಎ. ಅದರ ಅರ್ಧ 315 ನುಣುಪಾದ ಸಣ್ಣ ಸ್ಯಾಂಪಲ್ಲಿಗೆ. ಟರ್ನಿಂಗ್ ಗೆರೆ, ದಪ್ಪ, 99% ಭರವಸೆ ಕಳೆದರೆ ಎಷ್ಟು ಸಲ ಬಾಗಿದರೂ ದಣಿಯದ ಮಿತಿ Se 180. ಉತ್ತರ n, ಅಂದರೆ ಎಫ್‌ಒಎಸ್, 1.15.

ಮುರಿದ_ಶಾಫ್ಟ್: 3.5 ಹೋಗಿ 1.15? ಆದರೂ ಒಂದಕ್ಕಿಂತ ಜಾಸ್ತಿ ಇದೆಯಲ್ಲ, ಮುರಿಯಬಾರದಿತ್ತು.

ಹಳೇ_ಟರ್ನರ್: ಅದೇ ನನಗೂ ಅನುಮಾನ. ಆ 150 ಎಲ್ಲಿಂದ ಬಂತು?

ಮುರಿದ_ಶಾಫ್ಟ್: ಪುಲ್ಲಿ 200 ಎಂಎಂ. 240ನ್ನು 0.1ರಿಂದ ಭಾಗಿಸಿದರೆ 2400 ನ್ಯೂಟನ್. ಪುಲ್ಲಿ ನಡುವಿನಿಂದ ಸ್ಟೆಪ್ಪಿಗೆ 62.5 ಎಂಎಂ. ಗುಣಿಸಿದೆ.

ಹಳೇ_ಟರ್ನರ್: ಸಿಕ್ಕಿತು. 2400 ಎನ್ನೋದು ಬಿಗಿ ಬದಿ ಮತ್ತು ಸಡಿಲ ಬದಿಯ ವ್ಯತ್ಯಾಸ. ಟಾರ್ಕಿಗೆ ವ್ಯತ್ಯಾಸ ಸರಿ. ಶಾಫ್ಟನ್ನು ಬಗ್ಗಿಸೋದು ಎರಡರ ಮೊತ್ತ. ವಿ-ಬೆಲ್ಟಿಗೆ ಸಾಮಾನ್ಯವಾಗಿ ಒಂದೂವರೆ ಪಟ್ಟು, ಜಾರುತ್ತದೆ ಅಂತ ಎಳೆದು ಕಟ್ಟಿದ್ದರೆ ಎರಡು.

ಮುರಿದ_ಶಾಫ್ಟ್: ಕಳೆದ ತಿಂಗಳು ಜಾರುತ್ತಿತ್ತು, ಚೆನ್ನಾಗಿ ಬಿಗಿದಿದ್ದೆ.

ಹಳೇ_ಟರ್ನರ್: ಹಾಗಾದರೆ Ma 300. ಎಫ್‌ಒಎಸ್ 0.66. ಒಂದೂವರೆ ಪಟ್ಟು ಹಿಡಿದರೂ 0.84.

ದಣಿವು_ಶಾಸ್ತ್ರಿ: ಸರಾಸರಿ ಟಾರ್ಕ್ ಬೆಂಡಿಂಗಿಗೆ ದಣಿಯದೆ ತಾಳುವ ಶಕ್ತಿಯನ್ನು ಅಷ್ಟಾಗಿ ತಗ್ಗಿಸೋದಿಲ್ಲ, ಅದಕ್ಕೂ Kfs ಹಾಕಿದ್ದು ಅತಿಯಾಯಿತು.

ಹಳೇ_ಟರ್ನರ್: ಆ ಭಾಗ ಪೂರ್ತಿ ತೆಗೆದರೆ 0.66 ಹೋಗಿ 0.74 ಆಗುತ್ತದೆ. ಮುರಿಯೋದು ಮುರಿಯುತ್ತದೆ.

ದಣಿವು_ಶಾಸ್ತ್ರಿ: ಹೊಸ ಶಾಫ್ಟಿಗಾದರೂ ಸರಿಯಾದ ಲೆಕ್ಕ ಹಾಕಬಾರದಾ?

ಇಎನ್24_ಭಕ್ತ: ಇಎನ್ 24 ಹಾಕಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಹಳೇ_ಟರ್ನರ್: ಗಟ್ಟಿ ಸ್ಟೀಲು ಚೂಪು ಮೂಲೆಗೆ ಇನ್ನೂ ಜಾಸ್ತಿ ಹೆದರುತ್ತದೆ, ಬಲ ಏರಿದಷ್ಟು ಲಾಭ ಕೈಗೆ ಸಿಗೋದಿಲ್ಲ. ಅದೇ ಇಎನ್ 8ರಲ್ಲಿ ಪುಲ್ಲಿ ಕೂರುವ ಜಾಗ 40, ಹಿಂದೆ 50, ಮೂಲೆಗೆ 3 ಎಂಎಂ ರೇಡಿಯಸ್ ಕೊಡಿ. Kf 1.6ಕ್ಕೆ ಇಳಿಯುತ್ತದೆ. Ma 300 ಇಟ್ಟೇ ಎಫ್‌ಒಎಸ್ ಸುಮಾರು 2. ಆದರೆ ಪುಲ್ಲಿ ಬೋರಿನ ಅಂಚು ಆ ರೇಡಿಯಸ್ ಮೇಲೆ ಹತ್ತಿ ಕೂರುತ್ತದೆ. ನಡುವೆ ಒಳಂಚು ದೊಡ್ಡದಾಗಿ ಕೆರೆದ ರಿಂಗ್ ಹಾಕಿ. ಕೀವೇಯನ್ನು ಸ್ಟೆಪ್ಪಿನವರೆಗೆ ಎಳೆಯಬೇಡಿ. ಅದರ ತುದಿಗೂ ಇದೇ ಲೆಕ್ಕ ಬೇರೆಯಾಗಿ ಹಾಕಬೇಕು, ನಾನು ಹಾಕಿಲ್ಲ.

ಮುರಿದ_ಶಾಫ್ಟ್: ಈಗಿರುವ ಕೀವೇ ಸ್ಟೆಪ್ಪಿಗೆ ಮುಟ್ಟಿಕೊಂಡೇ ಇತ್ತು. ಹೇಳೋದು ಮರೆತೆ. ಈ ಪುಲ್ಲಿಯ ಹಬ್ 40ಕ್ಕೆ ಬೋರ್ ಮಾಡುವಷ್ಟು ದಪ್ಪ ಇದೆಯಾ ನೋಡಿ ಬರುತ್ತೇನೆ.

ಕಾರ್ಟ್_ಹುಡುಗ: ಹಿಂದಿನ ಆಕ್ಸಲ್ ನನ್ನದು ತಿರುಗುತ್ತದೆ. 25 ಎಂಎಂ, ಮೂಲೆ ಚೂಪಾಗೇ ಇದೆ. ಬಿಚ್ಚಿ ನೋಡಬೇಕಾ?