ಬಾಕಿ ಬಿಲ್ಲಿಗೆ ದಿನದ ಬಡ್ಡಿ: ರಿಮೈಂಡರ್‌ನಲ್ಲಿ ಏನು ಬರೆಯಬೇಕು?

ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ (21 ಆಗಸ್ಟ್ 2024): ಆಡಿಟರ್ ಸರ್, 2 ಲಕ್ಷದ ಪ್ಯಾಂಟ್ ಕಳಿಸಿದ್ದೆ. ಜೂನ್ 1ಕ್ಕೆ ಮಾಲು ತಲುಪಿದೆ. ದುಡ್ಡು ಯಾವಾಗ ಅಂತ ಬರಹದಲ್ಲಿ ಏನೂ ಇಲ್ಲ. ನಮ್ಮ ಗುಮಾಸ್ತ ರಿಮೈಂಡರ್‌ನಲ್ಲಿ "ದಿನಕ್ಕೆ 2% ಬಡ್ಡಿ" ಅಂತ ಬರೆದು ಕಳಿಸಿಬಿಟ್ಟಿದ್ದಾನೆ. ಪಾರ್ಟಿ ನಗ್ತಾ ಇದ್ದಾನೆ. ಸರಿಯಾಗಿ ಹೇಗೆ ಬರೆಯೋದು?

ಆಡಿಟರ್: ನಗದೇ ಇನ್ನೇನು ಮಾಡ್ತಾರೆ, ಅದು ವರ್ಷಕ್ಕೆ 730% ಆಯಿತು! ಮೊದಲು ಹೇಳಿ, ಉದ್ಯಮ್ ನೋಂದಣಿ ಮಾಲು ಕಳಿಸುವ ಮುಂಚೆಯೇ ಇತ್ತಾ? ಮಾಲು ಸರಿ ಇಲ್ಲ ಅಂತ ಅವರು 15 ದಿನದೊಳಗೆ ಬರೆದು ಕಳಿಸಿದ್ದರಾ?

ಜೀನ್ಸ್ ಘಟಕ: 2022ರಿಂದ ಇದೆ ಸರ್, ಮೈಕ್ರೊ. ತಕರಾರು ಏನೂ ಬಂದಿಲ್ಲ.

ಆಡಿಟರ್: ಹಾಗಾದರೆ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಕಡೆ ಇದೆ. ಬರಹದ ಒಪ್ಪಂದ ಇಲ್ಲದಿದ್ದರೆ ಮಾಲು ಸೇರಿದ ದಿನದಿಂದ 15 ದಿನ ಅವಕಾಶ. ಅದು ಜೂನ್ 16ಕ್ಕೆ ಮುಗಿಯಿತು, ಬಡ್ಡಿ 17ರಿಂದ ಶುರು. ಬಿಲ್ ತಾರೀಕಿನಿಂದ ಎಣಿಸಬೇಡಿ.

ದರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು. 2024ರ ಈ ಆಗಸ್ಟ್‌ನಲ್ಲಿ ಬ್ಯಾಂಕ್ ದರ 6.75%, ಮೂರು ಪಟ್ಟು ಅಂದರೆ 20.25%. ದಿನಕ್ಕೆ ಎಷ್ಟು ಅಂದರೆ:

```
2,00,000 × 20.25 ÷ 100 ÷ 365 = 110.96
```

ಎಡವಟ್ಟು ಇಲ್ಲಿಂದ ಮುಂದೆ. ಇದು ಚಕ್ರಬಡ್ಡಿ, ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಹಾಗಾಗಿ 110.96 ಎಂಬ ಲೆಕ್ಕ ಜುಲೈ 16ರವರೆಗೆ ಮಾತ್ರ. ಆ 30 ದಿನಕ್ಕೆ 3,328.77 ಆಯಿತು. ಅದನ್ನು ಅಸಲಿಗೆ ಸೇರಿಸಿದರೆ ಮುಂದಿನ 31 ದಿನಕ್ಕೆ 3,496.98. ಆಗಸ್ಟ್ 17ರಿಂದ ದಿನಕ್ಕೆ 114.75, ಇವತ್ತಿಗೆ ಐದು ದಿನ, 573.73. ಒಟ್ಟು ಬಡ್ಡಿ 7,399.48. ರಿಮೈಂಡರ್‌ನಲ್ಲಿ ಹೀಗೆ ಬರೆಯಿರಿ:

"ಬಿಲ್ ಬಾಕಿ ರೂ. 2,00,000. ಮಾಲು ತಲುಪಿದ್ದು 1-6-2024. ಬಡ್ಡಿ 17-6-2024ರಿಂದ, ವರ್ಷಕ್ಕೆ 20.25%, ತಿಂಗಳಿಗೊಮ್ಮೆ ಅಸಲಿಗೆ ಸೇರುವಂತೆ. 21-8-2024ರವರೆಗಿನ ಬಡ್ಡಿ ರೂ. 7,399.48. ಆಮೇಲೆ 16-9-2024ರವರೆಗೆ ದಿನಕ್ಕೆ ರೂ. 114.75."

ಆ ಕೊನೆ ತಾರೀಕು ಬಿಡಬೇಡಿ. ಸೆಪ್ಟೆಂಬರ್ 17ಕ್ಕೆ ದಿನದ ಲೆಕ್ಕ ಮತ್ತೆ ಬದಲಾಗುತ್ತದೆ. ಹಳೇ ಸಂಖ್ಯೆಯೇ ಎಲ್ಲ ರಿಮೈಂಡರ್‌ನಲ್ಲೂ ಓಡಾಡಿದರೆ ಎದುರಿನವರ ವಕೀಲ ಮೊದಲು ಅದನ್ನೇ ಹಿಡಿಯುತ್ತಾನೆ. ಕೆಲವರು 365ರ ಬದಲು ತಿಂಗಳಿಗೆ 12ರಿಂದ ಭಾಗಿಸುತ್ತಾರೆ. ಸ್ವಲ್ಪ ವ್ಯತ್ಯಾಸ ಬರುತ್ತದೆ. ಯಾವುದನ್ನು ಹಿಡಿದಿರೋ ಕೊನೇವರೆಗೂ ಅದೇ ಇರಲಿ.

ರೈಸ್ ಮಿಲ್, ಗಂಗಾವತಿ: ಇಷ್ಟೆಲ್ಲ ಯಾಕೆ? ನಾನು ಬಿಲ್ಲಿನ ಕೆಳಗೆ "30 ದಿನದ ನಂತರ 24%" ಅಂತ ಅಚ್ಚು ಹಾಕಿಸಿದ್ದೀನಿ. ಮುಗೀತು.

ಬಿಡಿಭಾಗ ತಯಾರಕ, ಕೊಪ್ಪಳ: ನೀವೇ ಅಚ್ಚು ಹಾಕಿಸಿದರೆ ಒಪ್ಪಂದ ಆಗುತ್ತಾ ಅಣ್ಣಾ? ಕೊಂಡವರ ಸಹಿ ಎಲ್ಲಿ?

ರೈಸ್ ಮಿಲ್: ಮಾಲು ಇಳಿಸ್ಕೊಂಡರು, ಒಪ್ಪಿದ ಹಾಗೆ. ಹತ್ತು ವರ್ಷದಿಂದ ಹೀಗೇ ನಡೀತಿದೆ.

ಬಿಡಿಭಾಗ ತಯಾರಕ: ನಡೆಯೋದು ಬೇರೆ, ಕೋರ್ಟಲ್ಲಿ ನಿಲ್ಲೋದು ಬೇರೆ.

ಆಡಿಟರ್: ಇಬ್ಬರೂ ಸ್ವಲ್ಪ ಸುಮ್ಮನಿರಿ. ಅಚ್ಚಿನ ಸಾಲು ಒಪ್ಪಂದವೇ ಅಲ್ಲವೇ ಅನ್ನೋದು ಕೇಸಿನಿಂದ ಕೇಸಿಗೆ ಬದಲಾಗುತ್ತದೆ. ಒಂದೇ ರಿಮೈಂಡರ್‌ನಲ್ಲಿ 24% ಮತ್ತು 20.25% ಎರಡನ್ನೂ ಬರೆಯಬೇಡಿ, ಅಷ್ಟೇ.

ಬಟ್ಟೆ ಹೋಲ್‌ಸೇಲ್, ರಾಯಚೂರು: ವಾಟ್ಸಾಪಲ್ಲಿ ಬಂತು, ನೋಡಿ. "ಜಿಎಸ್‌ಟಿ ನಂಬರ್ ಇದ್ದ ಯಾರಿಗಾದರೂ ಬಿಲ್ ದಿನದಿಂದ 45 ದಿನ, ಆಮೇಲೆ ರೆಪೊ ದರದ ಮೂರು ಪಟ್ಟು. ಕೊಡದಿದ್ದರೆ ಜಿಎಸ್‌ಟಿ ರದ್ದು." ಎಲ್ಲರಿಗೂ ಕಳಿಸಿ.

ಆಡಿಟರ್: ದಯವಿಟ್ಟು ಯಾರಿಗೂ ಕಳಿಸಬೇಡಿ. ರೆಪೊ ದರ ಅಲ್ಲ, ಬ್ಯಾಂಕ್ ದರ. 45 ದಿನ ಬರಹದ ಒಪ್ಪಂದ ಇದ್ದವರಿಗೆ ಇರುವ ಗರಿಷ್ಠ ಮಿತಿ, 60 ಅಂತ ಬರೆದಿದ್ದರೂ 45ಕ್ಕೇ ನಿಲ್ಲುತ್ತದೆ. ಜಿಎಸ್‌ಟಿ ರದ್ದು ಅನ್ನೋದು ಶುದ್ಧ ಸುಳ್ಳು. ಬರೆದು ಹೆದರಿಸಿದರೆ ನಿಮ್ಮ ರಿಮೈಂಡರಿಗೇ ಬೆಲೆ ಇರಲ್ಲ.

ಬಟ್ಟೆ ಹೋಲ್‌ಸೇಲ್: ನನ್ನ ಹತ್ತಿರಾನೂ ಉದ್ಯಮ್ ಇದೆ. ನನಗೆ 20.25% ಸಿಗುತ್ತಾ?

ಆಡಿಟರ್: ನೀವು ಕೊಂಡು ಮಾರುವವರು. ವ್ಯಾಪಾರಿಗೆ ಉದ್ಯಮ್ ಸಿಗೋದು ಬ್ಯಾಂಕ್ ಸಾಲದ ಅನುಕೂಲಕ್ಕೆ. ಈ ಬಡ್ಡಿ ಇಲ್ಲ.

ಬಟ್ಟೆ ಹೋಲ್‌ಸೇಲ್: ಉದ್ಯಮ್ ಕೊಟ್ಟಿದ್ದೇ ಸರ್ಕಾರ ಅಲ್ವಾ? ಹಂಗ್ಯಾಕೆ?

ಆಡಿಟರ್: ಮೇಲೆ ಹೇಳಿದೆ.

ಹೊಸಪೇಟೆಯ ಸದಸ್ಯೆ: ಪಾರ್ಟಿ ಅರ್ಧ ದುಡ್ಡು ಹಾಕಿದ್ದಾರೆ ಸರ್. ಬಡ್ಡಿಗೆ ಹಿಡಿಯಬೇಕಾ, ಅಸಲಿಗಾ?

ರೈಸ್ ಮಿಲ್: ಬಡ್ಡಿ ಬಂದರೆ ಅದಕ್ಕೂ ಜಿಎಸ್‌ಟಿನಾ?

ಆಡಿಟರ್: ಹೌದು, ದುಡ್ಡು ಕೈಗೆ ಬಂದಾಗ, ಮಾಲಿನ ದರದಲ್ಲೇ.

ಬಿಡಿಭಾಗ ತಯಾರಕ: ನಿಮ್ಮ 24%ಗೂ ಸೇರಿಸಿ ಕಟ್ಟಿ ಅಣ್ಣಾ.

ರೈಸ್ ಮಿಲ್: ನಿನ್ನ ಬಾಕಿ ಮೊದಲು ನೀನು ಕೊಡಪ್ಪಾ, ಆಮೇಲೆ ಪಾಠ ಹೇಳು.

ಹೊಸಪೇಟೆಯ ಸದಸ್ಯೆ: ಸರ್, ಅರ್ಧ ದುಡ್ಡಿನದು?

ಜೀನ್ಸ್ ಘಟಕ: ಹೊಸ ರಿಮೈಂಡರ್ ಹೋಯಿತು ಸರ್. ಗುಮಾಸ್ತ 114.75ರ ಮುಂದೆ ತಾರೀಕು ಹಾಕೋದು ಮರೆತಿದ್ದ, ತಿದ್ದಿ ಕಳಿಸಿದೆ.