ಪದಚರ್ಚೆ: ಸ್ಲಿಪ್ಪರ್ ಕ್ಲಚ್ ‘ಜಾರುತ್ತದೆ’ ಅನ್ನಬೇಕೋ, ‘ಸಡಿಲಾಗುತ್ತದೆ’ ಅನ್ನಬೇಕೋ?

ಧಾರವಾಡದಿಂದ:
ಐಟಿಐ ಹುಡುಗರಿಗೆ ಬೈಕಿನ ಕ್ಲಚ್ ಕುರಿತು ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ವಾಕ್ಯ ಕೂಡುತ್ತಿಲ್ಲ: ‘ಗೇರ್ ತಟ್ಟನೆ ಇಳಿಸಿದಾಗ ಹಿಂದಿನ ಗಾಲಿ ಕುಪ್ಪಳಿಸದಂತೆ ಸ್ಲಿಪ್ಪರ್ ಕ್ಲಚ್ ಜಾರುತ್ತದೆ.’ ನಮ್ಮ ಗ್ಯಾರೇಜುಗಳಲ್ಲಿ ‘ಕ್ಲಚ್ ಸ್ಲಿಪ್ ಆಗಾಕತ್ತದ’ ಅಂದರೆ ಪ್ಲೇಟ್ ಸವೆದಿದೆ ಎಂದೇ ಅರ್ಥ. ಹುಡುಗರು ಇದನ್ನೂ ದೋಷ ಅಂದುಕೊಂಡಾರು. ‘ಕುಪ್ಪಳಿಸು’ ಬೇಕೋ, ‘ಸ್ಕಿಡ್’ ಸಾಕೋ?

ಗದಗದಿಂದ:
ಅಲ್ರೀ, ಇದರಾಗ ಜಾರೋದು ಎಲ್ಲಿ ಬಂತು? ಗೇರ್ ಇಳಿಸಿದ ಕೂಡಲೇ ಈ ಕ್ಲಚ್ ತಾನಾಗೇ ಪೂರಾ ಬಿಟ್ಟುಬಿಡತದ, ನಾವು ಲಿವರ್ ಹಿಡದಂಗ. ಇಂಜಿನ್ನಿಗೂ ಗಾಲಿಗೂ ಸಂಬಂಧ ಕಡೀತದ. ‘ಬಿಡುಕ್ಲಚ್’ ಅನ್ರಿ. ಕುಪ್ಪಳಿಸೋದು, ಸ್ಕಿಡ್ ಆಗೋದು ಎರಡೂ ಒಂದ.

ಹುಬ್ಬಳ್ಳಿಯಿಂದ:
ತಾನಾಗೇ ಬಿಡತದ ಅನ್ನೋದು ಖರೆ, ‘ಪೂರಾ’ ಅನ್ನೋದು ತಪ್ಪು. ಪೂರಾ ಬಿಟ್ಟರ ಇಂಜಿನ್ ಬ್ರೇಕ್ ಒಂಚೂರೂ ಉಳಿಯೂದಿಲ್ಲ.

ಒಂದು ಲೆಕ್ಕ ಹಾಕೋಣ. ನಾಲ್ಕನೇ ಗೇರಿನ ಅನುಪಾತ 1.2, ಎರಡನೇದು 1.9 ಅಂತ ಹಿಡೀರಿ. ನಾಲ್ಕರಾಗ ಇಂಜಿನ್ 5000 ಸುತ್ತಿನಾಗ ಐತಿ. ಮುಂದಿನ ಬ್ರೇಕ್ ಒತ್ತಿ, ಆ್ಯಕ್ಸಿಲರೇಟರ್ ಪೂರಾ ಬಿಟ್ಟು, ಎರಡಕ್ಕ ಇಳಿಸಿ ಲಿವರ್ ಫಟ್ಟಂತ ಬಿಟ್ಟಿರಿ. ಅದೇ ವೇಗಕ್ಕ ಎರಡನೇ ಗೇರಿನಾಗ ಇಂಜಿನ್ ಸುಮಾರು 7900 ಸುತ್ತಬೇಕು. ಆದರ ಲಿವರ್ ಹಿಡದಿದ್ದ ಹೊತ್ತಿನಾಗ ಅದು 3000ದ ಹತ್ತಿರ ಬಿದ್ದಿರತದ. ಅಷ್ಟು ಮ್ಯಾಲೆ ಎಳೀಬೇಕಾದದ್ದು ಹಿಂದಿನ ಗಾಲಿ, ಅದೂ ಟೈರಿನ ಹಿಡಿತದ ಮ್ಯಾಲ. ಬ್ರೇಕಿನಿಂದ ಭಾರ ಮುಂದ ಹೋಗಿ ಅದೇ ಟೈರ್ ಹಗೂರ ಆಗಿರತದ. ಹಿಡಿತ ತಪ್ಪತದ, ಗಾಲಿ ನಿಧಾನ ಆಗತದ, ಎಳೆತ ಇಳೀತದ, ಟೈರ್ ಮತ್ತ ನೆಲ ಹಿಡೀತದ, ಮತ್ತ ತಪ್ಪತದ. ಪ್ರತಿ ಸಲ ಚೈನಿನ ಕೆಳಗಿನ ಎಳೆ ಬಿಗಿದು ಸಡಿಲ ಆಗಿ, ಸ್ವಿಂಗ್ ಆರ್ಮ್ ಮ್ಯಾಲ-ಕೆಳಗ ಆಗತದ. ಇದು ಕುಪ್ಪಳಿಸೋದು. ಸ್ಕಿಡ್ ಆದರ ಡಾಂಬರಿನ ಮ್ಯಾಲ ಒಂದೇ ಉದ್ದ ಕರಿ ಗೆರಿ ಬೀಳತದ; ಕುಪ್ಪಳಿಸಿದರ ತುಂಡು ತುಂಡು ಗೆರಿ. ಅದಕ್ಕ ಎರಡು ಶಬ್ದ ಬೇಕು.

ಇನ್ನ ಕ್ಲಚ್ಚು. ಅದರ ಹಬ್ಬಿಗೂ ಪ್ರೆಷರ್ ಪ್ಲೇಟಿಗೂ ನಡುವ ಓರೆ ಮುಖಗಳು ಇರತಾವ. ಇಂಜಿನ್ ಗಾಲಿನ ತಿರುಗಿಸೋ ಮುಂದ ಅವು ಪ್ಲೇಟ್ ಎತ್ತೂದಿಲ್ಲ. ಗಾಲಿ ಇಂಜಿನ್ನಿನ ತಿರುಗಿಸಾಕ ಹತ್ತಿ, ಆ ಎಳೆತ ಮಿತಿ ಮೀರಿದರ ಓರೆ ಮುಖ ಹತ್ತಿ ಸ್ಪ್ರಿಂಗಿನ ವಿರುದ್ಧ ಪ್ರೆಷರ್ ಪ್ಲೇಟನ್ನ ಕೂದಲೆಳೆಯಷ್ಟು ಎತ್ತತಾವ. ಒತ್ತಡ ಇಳಿದು ಪ್ಲೇಟ್‌ಗಳು ಜಾರತಾವ. ಇಂಜಿನ್ ಒಮ್ಮೆಲೆ ಜಿಗಿಯದ ನಿಧಾನಕ್ಕ ಮ್ಯಾಲ ಬರತದ, ಟೈರಿಗೆ ತಡಕೊಳ್ಳುವಷ್ಟೇ ಎಳೆತ ಮುಟ್ಟತದ. ಎಳೆತ ಇಳಿದ ಮ್ಯಾಲ ಪ್ಲೇಟ್ ತಾನ ಕೂಡತದ. ಅಂದರ ಸಡಿಲ ಆಗೋದು ಒತ್ತಡ, ಜಾರೋದು ಪ್ಲೇಟು.

ಹಾವೇರಿಯಿಂದ:
ನನ್ನ 150 ಸಿಸಿ ಹಳೇ ಗಾಡಿ ಏರು ಹತ್ತುವಾಗ ಆ್ಯಕ್ಸಿಲರೇಟರ್ ಕೊಟ್ಟರೆ ಇಂಜಿನ್ ಬರೇ ಕೂಗ್ತದ, ವೇಗ ಏರೂದಿಲ್ಲ. ಇದು ಸ್ಲಿಪ್ಪರ್ ಕ್ಲಚ್ ಕೆಲಸ ಮಾಡೋದೇ ಏನು? ಕಂಪನಿಯವರೇ ಹಾಕಿರಬಹುದಾ?

ಹುಬ್ಬಳ್ಳಿಯಿಂದ:
ಅಲ್ಲರೀ, ಅದು ಧಾರವಾಡದವರು ಹೇಳಿದ ದೋಷನ. ಸ್ಲಿಪ್ಪರ್ ಜಾರೋದು ಗಾಲಿ ಇಂಜಿನ್ನಿನ ಎಳೆಯೋ ಮುಂದ. ನಿಮ್ಮದು ಇಂಜಿನ್ ಗಾಲಿನ ಎಳೆಯೋ ಮುಂದ ಜಾರಾಕತ್ತದ. ಮೊದಲ ಲಿವರಿನ ತುದಿಯಾಗ ಸಡಿಲ ಎಷ್ಟೈತಿ ನೋಡ್ರಿ. ಬಾಳ ಕೇಬಲ್ ಕ್ಲಚ್ಚಿಗೆ 10ರಿಂದ 15 ಮಿಲಿಮೀಟರ್ ಇರತದ. ಖರೇ ಅಳತಿ ನಿಮ್ಮ ಗಾಡಿಯ ಪುಸ್ತಕದಾಗ ಸಿಗತದ. ಸಡಿಲ ಇಲ್ಲದಿದ್ದರ ಪ್ಲೇಟ್ ಪೂರಾ ಒತ್ತೂದಿಲ್ಲ. ಅದು ಸರಿ ಇದ್ದರ ಆಯಿಲ್ ಡಬ್ಬಿ ನೋಡ್ರಿ, JASO MA ಅಥವಾ MA2 ಇರಬೇಕು. ಕಾರಿನ ಆಯಿಲ್ ಹಾಕಿದ್ದರ ಆಯಿಲ್ನಾಗ ಮುಳುಗಿದ ಪ್ಲೇಟ್ ಜಾರಬಹುದು. ಅದೂ ಅಲ್ಲದಿದ್ದರ ಪ್ಲೇಟ್ ತೆಗೆದು ದಪ್ಪ ಅಳೀಬೇಕು.

ಸ್ಲಿಪ್ಪರ್ ಇರೋ ಗಾಡಿ, ಅಂದರ ಆರ್15 ವಿ3, ಡಾಮಿನಾರ್ 400 ಇಂಥವು, ಜೋರಾಗಿ ಗೇರ್ ಇಳಿಸಿದಾಗ ಲಿವರ್ ಬೆರಳಿಗೆ ಸಣ್ಣಗ ಮಿಡದಂಗ ಆದರ ಹೆದರಬ್ಯಾಡ್ರಿ, ಪ್ಲೇಟ್ ಎದ್ದು ಕೂಡೋದು ಅದು.

ಗದಗದಿಂದ:
‘ಪೂರಾ’ ಅಂದದ್ದು ವಾಪಸ್. ಆದರ ಹಂಗಿದ್ದರ ಐದರಿಂದ ನೇರ ಒಂದಕ್ಕ ಇಳಿಸಿದರೂ ನಡೀತದಲ್ಲ?

ಹುಬ್ಬಳ್ಳಿಯಿಂದ:
ನಡಿಯೂದಿಲ್ಲ. ಪ್ಲೇಟ್ ಜಾರಕೋತ ಇಂಜಿನ್ನಿನ ಎಳೀತನ ಇರತದ, ವೇಗ ಬಾಳ ಇದ್ದರ ಸುತ್ತು ಮಿತಿ ದಾಟಿ ವಾಲ್ವ್ ಪಿಸ್ಟನ್ನಿಗೆ ತಾಗಬಹುದು. ರೆವ್ ಲಿಮಿಟರ್ ಕಿಡಿ ಇಲ್ಲಾ ಪೆಟ್ರೋಲ್ ನಿಲ್ಲಿಸತದ, ಗಾಲಿ ತಿರುಗಿಸೋದನ್ನ ಅಲ್ಲ. ಹಿಂದಿನ ಬ್ರೇಕ್ ಒತ್ತಿ ಗಾಲಿ ನಿಂತರೂ ಈ ಕ್ಲಚ್ ಏನೂ ಮಾಡಲಾರದು.

ಧಾರವಾಡದಿಂದ:
ಹಾಗಾದರೆ ಹೀಗೆ ಬರೆಯುತ್ತೇನೆ: ‘ಗಾಲಿಯ ಹಿಮ್ಮುಖ ಎಳೆತ ಮಿತಿ ಮೀರಿದಾಗ ಪ್ಲೇಟ್‌ಗಳ ಮೇಲಿನ ಒತ್ತಡ ಸಡಿಲಾಗಿ ಅವು ಜಾರುತ್ತವೆ, ಹಿಂದಿನ ಗಾಲಿ ಕುಪ್ಪಳಿಸುವುದಿಲ್ಲ.’ ಓರೆ ಮುಖಕ್ಕೆ ‘ಓರೆಹಲ್ಲು’ ಅನ್ನಲೇ?

ಗದಗದಿಂದ:
ಹಲ್ಲು ಅಂದರ ಗೇರ್ ನೆನಪಾಗತದ. ‘ಇಳಿಜಾರು’ ಬರೀರಿ.

ಹುಬ್ಬಳ್ಳಿಯಿಂದ:
ಕೆಲಸ ಮಾಡೋ ಮುಂದ ಅದು ಏರೂದು, ಇಳಿಯೂದಲ್ಲ. ನಮ್ಮ ಗ್ಯಾರೇಜಿನಾಗಂತೂ ‘ರ್‍ಯಾಂಪ್’ ಅಂತಾರ.